ನೀರಿಗಿಳಿದ ಮೇಲೆ ಬಟ್ಟೆ ಎಲ್ಲಿ ನಿಲ್ಲುತ್ತದೆ? ವನ್‌ಪೀಸ್, ಟ್ಯಾಂಕಿನಿ, ಹೈವೇಸ್ಟ್, ರ‍್ಯಾಶ್‌ಗಾರ್ಡ್ ನಡುವೆ ಆರಿಸುವಾಗ

ನಮ್ಮ ಅತ್ತಿಗೆ 42ನೇ ವಯಸ್ಸಿಗೆ ಈಜು ಕಲಿಯಲು ಹೊರಟಾಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಕ್ಕಿಂತ ಜಾಸ್ತಿ ಮೈ ಮುಚ್ಚೋದು ಯಾವ್ದು ಹೇಳು, ಅದನ್ನೇ ತಗೊಂಡ್‌ಬಿಡ್ತೀನಿ." ನಾನು ಬಾಯಿ ತೆರೆಯುವಷ್ಟರಲ್ಲಿ ಆರ್ಡರ್ ಹಾಕಿಯೂ ಆಗಿತ್ತು. ಬಂದದ್ದು ಅರ್ಧ ತೋಳಿನ ಫ್ರಾಕ್ ಮಾದರಿಯ ಸೂಟ್. ಮೇಲೆ ತೊಡೆಯ ಅರ್ಧದವರೆಗೆ ಇಳಿಯುವ ಫ್ರಾಕ್, ಒಳಗೆ ಹಾಕಿಕೊಳ್ಳಲು ಮೊಣಕಾಲುದ್ದದ ಬೇರೆ ಚಡ್ಡಿ. ಕನ್ನಡಿ ಮುಂದೆ ನಿಂತರೆ ಎಲ್ಲ ಸರಿಯಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪೂಲ್‌ಗೆ ಮೆಟ್ಟಿಲು ಹಿಡಿದು ಇಳಿದರು. ನೀರು ಸೊಂಟಕ್ಕೆ ಬರುತ್ತಿದ್ದಂತೆ ಫ್ರಾಕಿನ ನೆರಿಗೆಯೆಲ್ಲ ಕೆರೆಯಲ್ಲಿನ ತಾವರೆ ಎಲೆಯ ಹಾಗೆ ಅವರ ಸುತ್ತ ತೇಲಿತು. ಎದೆಮಟ್ಟಕ್ಕೆ ಹೋದಾಗ ಫ್ರಾಕು ಕಂಕುಳವರೆಗೆ ಏರಿ ಹೊಟ್ಟೆಯೆಲ್ಲ ಬಯಲಾಯಿತು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫ್ರಾಕಿನ ಅಂಚು. ಕೋಚ್ "ಎರಡೂ ಕೈ ಮುಂದೆ ಚಾಚಿ ಮೇಡಂ" ಅಂದಾಗ ಅತ್ತಿಗೆ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಅವರ ಲೆಕ್ಕ ತಪ್ಪಿದ್ದು ಇಲ್ಲಿ. ನೆಲದ ಮೇಲೆ ಕುರ್ತಾ, ಲಂಗ, ಸೀರೆಯ ನೆರಿಗೆ ಎಲ್ಲವನ್ನೂ ಕೆಳಕ್ಕೆ ಎಳೆದು ಹಿಡಿಯುವುದು ಅವುಗಳದ್ದೇ ಭಾರ. ನೀರಿನೊಳಗೆ ಆ ಭಾರ ಹೆಚ್ಚುಕಡಿಮೆ ಮಾಯವಾಗುತ್ತದೆ. ಈಜುಡುಗೆಯ ನೈಲಾನ್ ನೀರಿಗಿಂತ ತುಸುವೇ ತೂಕ, ಅದರ ಮಡಿಕೆಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಅದೂ ಇಲ್ಲ. ಹಾಗಾಗಿ ನೀರಿನಲ್ಲಿ ಒಂದು ಬಟ್ಟೆ ಎಷ್ಟು ಮುಚ್ಚುತ್ತದೆ ಎನ್ನುವುದು ಅದರ ಉದ್ದ ಅಗಲದ ಮಾತಲ್ಲ. ಅದು ಮೈಯನ್ನು ಎಲ್ಲಿ, ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದೆ ಎನ್ನುವ ಮಾತು. ಸೀರೆಯ ಆಧಾರ ಲಂಗದ ಲಾಡಿ, ಬ್ಲೌಸಿನ ಆಧಾರ ಭುಜ ಮತ್ತು ಎದೆಯ ಕೆಳಗಿನ ಪಟ್ಟಿ. ಈಜುಡುಗೆಯ ಪ್ರತಿ ಮಾದರಿಗೂ ಇಂಥದ್ದೊಂದು ಆಧಾರವಿದೆ. ಅದನ್ನು ಗುರುತಿಸಿಕೊಂಡರೆ ಯಾವುದು ನಿಮಗೆ ಹೊಂದುತ್ತದೆ ಅಂತ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಮೊದಲು ಟೇಪು

ಎದೆ, ನಡು, ಹಿಂಭಾಗದ ಸುತ್ತಳತೆ ಎಲ್ಲರಿಗೂ ಗೊತ್ತು. ಈಜುಡುಗೆಗೆ ಬೇಕಾದ ನಾಲ್ಕನೆಯ ಅಳತೆಯನ್ನು ನಮ್ಮ ಟೈಲರುಗಳು ತೆಗೆಯುವುದಿಲ್ಲ, ಸೈಜ್ ಚಾರ್ಟಿನಲ್ಲೂ ಹಲವು ಸಲ ಇರುವುದಿಲ್ಲ. ಅದು ಮುಂಡದ ಸುತ್ತು. ಟೇಪಿನ ತುದಿಯನ್ನು ಒಂದು ಭುಜದ ನಡುವೆ, ಬ್ಲೌಸಿನ ಭುಜದ ಹೊಲಿಗೆ ಬರುವ ಜಾಗದಲ್ಲಿ ಇಟ್ಟುಕೊಳ್ಳಿ. ಅಲ್ಲಿಂದ ಎದೆಯ ಮೇಲೆ ಇಳಿಸಿ, ಕಾಲುಗಳ ನಡುವೆ ದಾಟಿಸಿ, ಬೆನ್ನಿನ ಮೇಲೆ ಹತ್ತಿಸಿ ಮತ್ತೆ ಅದೇ ಭುಜಕ್ಕೆ ತನ್ನಿ. ಒಬ್ಬರೇ ತೆಗೆಯುವುದು ಕಷ್ಟ, ಮನೆಯಲ್ಲಿ ಯಾರಾದರೂ ಟೇಪು ಹಿಡಿಯಲಿ. ನೇರವಾಗಿ ನಿಂತು, ಹೊಟ್ಟೆ ಒಳಗೆಳೆದುಕೊಳ್ಳದೆ ತೆಗೆಯಬೇಕು.

ಅತ್ತಿಗೆಯ ಅಳತೆ ಹೀಗೆ ಬಂತು: ಎದೆ 97 ಸೆಂ.ಮೀ., ನಡು 84, ಹಿಂಭಾಗ 107, ಮುಂಡದ ಸುತ್ತು 167. ಎತ್ತರ ಐದಡಿ ಆರಂಗುಲ, ಆದರೆ ಕಾಲಿಗಿಂತ ಮೈಯೇ ಉದ್ದ. ಅವರಿಗಾಗಿ ನೋಡಿದ ಚಾರ್ಟಿನಲ್ಲಿ ಎಲ್ ಸೈಜಿಗೆ ಎದೆ 96ರಿಂದ 100, ಹಿಂಭಾಗ 104ರಿಂದ 108, ಮುಂಡ 158ರಿಂದ 162 ಅಂತಿತ್ತು. ಎದೆಗೆ, ಹಿಂಭಾಗಕ್ಕೆ ಎಲ್ ಸರಿ. ನಾಲ್ಕನೆಯದರಲ್ಲಿ ಐದು ಸೆಂಟಿಮೀಟರ್ ಕಮ್ಮಿ. ಈ ಐದು ಸೆಂಟಿಮೀಟರೇ ಮುಂದಿನ ಕಥೆ.

ವನ್‌ಪೀಸ್

ವನ್‌ಪೀಸಿಗೆ ಎರಡು ಆಧಾರ. ಮೇಲೆ ಭುಜ, ಕೆಳಗೆ ತೊಡೆಸಂದು. ಇವೆರಡರ ನಡುವೆ ಬಟ್ಟೆ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಅದಕ್ಕೇ ನೀರಿನಲ್ಲಿ ಎಲ್ಲಕ್ಕಿಂತ ನಂಬಿಕಸ್ಥ ಉಡುಪು ಇದು. ಗೋಡೆ ಒದ್ದು ಹೊರಟರೂ, ಕಾಲು ಕೆಳಗಾಗಿ ಹಾರಿದರೂ, ತಲೆಕೆಳಗಾಗಿ ತಿರುಗಿದರೂ ಅದು ಏರುವಂತಿಲ್ಲ, ಇಳಿಯುವಂತಿಲ್ಲ.

ಅದೇ ಕಾರಣಕ್ಕೆ ಉದ್ದ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಬಟ್ಟೆ ಗಿಡ್ಡವಾದರೆ ಭುಜದ ಪಟ್ಟಿ ಚರ್ಮಕ್ಕೆ ಕಚ್ಚುತ್ತದೆ, ಹಿಂದೆ ಬಟ್ಟೆ ಒಳಸೇರುತ್ತದೆ, ಕತ್ತಿನ ಅಂಚು ಕೆಳಗೆ ಜಗ್ಗಿ ಎದೆ ಹೆಚ್ಚು ಕಾಣುತ್ತದೆ. ಹಾಕಿಕೊಂಡವರು ಇದನ್ನು "ನನಗೆ ಬಿಗಿ ಆಯ್ತು" ಅಂದುಕೊಂಡು ಒಂದು ಸೈಜ್ ದೊಡ್ಡದು ತರುತ್ತಾರೆ. ಆಗ ಉದ್ದ ಸರಿಹೋಗುತ್ತದೆ, ಆದರೆ ಎದೆಯ ಹತ್ತಿರ ಬಟ್ಟೆ ಬಾಯಿ ಬಿಡುತ್ತದೆ. ಗೋಡೆ ಒದ್ದು ಹೊರಟಾಗ ಆ ಬಾಯಿಂದ ನೀರು ಒಳನುಗ್ಗಿ ಹೊಟ್ಟೆಯ ಹತ್ತಿರ ಚೀಲ ಕಟ್ಟುತ್ತದೆ. ಉದ್ದ ಹೆಚ್ಚಾಯಿತೋ ಕಮ್ಮಿಯಾಯಿತೋ ತಿಳಿಯಲು ಕನ್ನಡಿ ಬೇಡ. ಎರಡೂ ಭುಜದ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ಮೇಲಕ್ಕೆ ಎಳೆಯಿರಿ. ಎರಡು ಮೂರು ಸೆಂಟಿಮೀಟರ್ ಎದ್ದು, ಅಲ್ಲೇ ಗಟ್ಟಿಯಾಗಿ ನಿಂತರೆ ಸರಿ. ಬೆರಳೇ ತೂರದಿದ್ದರೆ ಗಿಡ್ಡ. ಕಿವಿಯ ಹತ್ತಿರಕ್ಕೆ ಬಂದರೆ ಉದ್ದ. ಒಣಗಿದ್ದಾಗ ಸ್ವಲ್ಪ ಬಿಗಿ ಅನ್ನಿಸಲೇಬೇಕು, ಒದ್ದೆಯಾದ ಮೇಲೆ ಬಟ್ಟೆ ಸಡಿಲವಾಗುತ್ತದೆ.

ಅತ್ತಿಗೆಯಂಥ ಉದ್ದ ಮೈಯವರಿಗೆ ಒಂದು ದಾರಿ, ಉದ್ದ ಹೊಂದಿಸಬಹುದಾದ ಪಟ್ಟಿ ಇರುವ ವನ್‌ಪೀಸ್. ಬ್ರಾ ಪಟ್ಟಿಯ ಹಾಗೆ ಕೊಂಡಿ ಸರಿಸಿ ನಾಲ್ಕು ಸೆಂಟಿಮೀಟರ್ ಬಿಟ್ಟರೆ ಮುಂಡದ ಸುತ್ತಿಗೂ ನಾಲ್ಕು ಸೆಂಟಿಮೀಟರ್ ಸಿಗುತ್ತದೆ. ಐದರಲ್ಲಿ ನಾಲ್ಕು ಸಿಕ್ಕಿದರೆ ಉಳಿದದ್ದನ್ನು ಬಟ್ಟೆಯ ಹಿಗ್ಗು ನೋಡಿಕೊಳ್ಳುತ್ತದೆ. ಆದರೆ ಇದಕ್ಕೊಂದು ಬೆಲೆಯಿದೆ. ಪಟ್ಟಿ ಇಳಿದಷ್ಟೂ ಕತ್ತಿನ ಅಂಚು, ಕಂಕುಳ ಅಂಚು ಎರಡೂ ಇಳಿಯುತ್ತವೆ. ಆದ್ದರಿಂದ ಇಂಥವರು ಮೊದಲೇ ಕತ್ತು ಎತ್ತರವಿರುವ ಮಾದರಿ ಹಿಡಿಯಬೇಕು, ಇಳಿಸಿದ ಮೇಲೂ ಮುಚ್ಚುವಷ್ಟು ಬಟ್ಟೆ ಉಳಿದಿರುತ್ತದೆ.

ಬೆನ್ನಿನ ಕಡೆ ನೋಡಿ. ಎರಡು ಪಟ್ಟಿಗಳು ಬೆನ್ನಿನ ನಡುವೆ ಕೂಡಿಕೊಳ್ಳುವ ರೇಸರ್‌ಬ್ಯಾಕ್ ತೋಳು ಬೀಸುವಾಗ ಭುಜದಿಂದ ಜಾರುವುದಿಲ್ಲ, ಈಜುವವರಿಗೆ ಇದೇ ಒಳ್ಳೆಯದು. ಯು ಆಕಾರದ ಬೆನ್ನಿನಲ್ಲಿ ಪಟ್ಟಿಗಳು ದೂರ ದೂರ ಇರುತ್ತವೆ. ಹಾಕಿ ತೆಗೆಯಲು ಸುಲಭ, ಆದರೆ ಭುಜ ಇಳಿಜಾರಾಗಿರುವವರಿಗೆ ಜಾರುತ್ತದೆ. ಕುತ್ತಿಗೆಯ ಹಿಂದೆ ಗಂಟು ಹಾಕುವ ಹಾಲ್ಟರ್ ಫೋಟೋದಲ್ಲಿ ಚೆಂದ. ಎದೆಯ ಪೂರ್ತಿ ಭಾರ ಕತ್ತಿನ ಹಿಂದಿನ ಒಂದೇ ಎಳೆಗೆ ಬೀಳುವುದರಿಂದ ಅರ್ಧ ಗಂಟೆಗೆ ಕತ್ತು ನೋಯತೊಡಗುತ್ತದೆ. ನಾನಂತೂ ಯಾರಿಗೂ ಹೇಳುವುದಿಲ್ಲ.

ಎದೆಯ ಆಧಾರದ ವಿಷಯದಲ್ಲಿ ಬ್ಲೌಸಿನ ಜ್ಞಾನ ಉಪಯೋಗಕ್ಕೆ ಬರುತ್ತದೆ. ಅಡ್ಡ ಹೊಲಿಗೆಯೇ ಇಲ್ಲದ ಸಾದಾ ಸೂಟ್ ಎದೆಯನ್ನು ಒತ್ತಿ ಚಪ್ಪಟೆ ಮಾಡಿ ಹಿಡಿಯುತ್ತದೆ. ಪ್ರಿನ್ಸೆಸ್ ಕಟ್ ಬ್ಲೌಸಿನ ಹಾಗೆ ಕಂಕುಳಿಂದ ಸೊಂಟಕ್ಕೆ ಹೊಲಿಗೆ ಇಳಿದಿದ್ದರೆ ಎದೆಗೆ ಅದರದ್ದೇ ಜಾಗ ಸಿಗುತ್ತದೆ, ಎದೆ ದೊಡ್ಡದಿರುವವರಿಗೆ ಬಟ್ಟೆ ಮೇಲಕ್ಕೆ ಎಳೆದುಕೊಳ್ಳುವುದಿಲ್ಲ. ಒಳಗೆ ಎದೆಯ ಕೆಳಗೆ ಇಲಾಸ್ಟಿಕ್ ಹೊಲಿದ ಇನ್ನೊಂದು ಪದರ ಇದ್ದರೆ ಅದು ಮೂರನೆಯ ಆಧಾರ, ಇದ್ದರೆ ಒಳ್ಳೆಯದು. ತಂತಿ ಹಾಕಿದ ಕಪ್ ಮಾತ್ರ ಈಜಿಗಿಂತ ದಡದ ಮೇಲಿನ ಓಡಾಟಕ್ಕೆ, ಏಕೆಂದರೆ ನೀರಿನಲ್ಲಿ ಎದೆಯ ಭಾರವನ್ನು ನೀರೇ ಹೊರುತ್ತದೆ. ತೆಗೆಯಬಹುದಾದ ಪ್ಯಾಡುಗಳು ನೀರು ಕುಡಿದು ಮಡಚಿಕೊಳ್ಳುತ್ತವೆ. ಒಂದು ದಿನ ಒಂದು ಪ್ಯಾಡ್ ಹೊಟ್ಟೆಯ ಹತ್ತಿರ ಸೇರಿಕೊಂಡಾಗ ನಾನು ಎರಡನ್ನೂ ಕಿತ್ತು ಡ್ರಾಯರಿಗೆ ಹಾಕಿದೆ, ಈಗಲೂ ಅಲ್ಲೇ ಇವೆ.

ಕಾಲಿನ ಕಟ್ ಬಗ್ಗೆ ನಮ್ಮಲ್ಲಿ ಸಂಕೋಚ ಜಾಸ್ತಿ. ಬೆಂಗಳೂರಿನ ಪೂಲುಗಳಲ್ಲಿ ನಾನು ನೋಡುವ ಹೆಂಗಸರಲ್ಲಿ ಹೆಚ್ಚಿನವರು ತೊಡೆ ಮುಚ್ಚುವ ಲೆಗ್‌ಸೂಟ್ ಅಥವಾ ಮೊಣಕಾಲಿನವರೆಗಿನ ನೀಸೂಟ್ ಹಾಕುತ್ತಾರೆ. ಇವೂ ವನ್‌ಪೀಸೇ, ಕಾಲು ಮಾತ್ರ ಉದ್ದ. ತೊಡೆಯ ಒಳಬದಿ ತುಂಬಿಕೊಂಡಿರುವವರಿಗೆ ಗಿಡ್ಡ ಲೆಗ್‌ಸೂಟ್ ನಡೆಯುವಾಗಲೇ ಮೇಲೆ ಸುತ್ತಿಕೊಳ್ಳುತ್ತದೆ. ಅಂಥವರು ತೊಡೆಯ ಅರ್ಧಕ್ಕಿಂತ ಕೆಳಗಿಳಿಯುವುದನ್ನು, ಅಂಚಿನ ಒಳಗೆ ರಬ್ಬರಿನಂಥ ಸಿಲಿಕೋನ್ ಗೆರೆ ಇರುವುದನ್ನು ನೋಡಬೇಕು.

ವನ್‌ಪೀಸಿನ ಒಂದೇ ದೊಡ್ಡ ತೊಂದರೆ ಬಾತ್‌ರೂಮ್. ಒದ್ದೆ ಸೂಟನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಮೇಲೆಳೆದುಕೊಳ್ಳುವುದು ಒಂದು ಸಣ್ಣ ಕುಸ್ತಿ.

ಟ್ಯಾಂಕಿನಿ

ಮೇಲೆ ಬನಿಯನ್ ಥರದ ಟಾಪ್, ಕೆಳಗೆ ಬೇರೆ ಚಡ್ಡಿ. ಎರಡೂ ಸೇರಿ ವನ್‌ಪೀಸಿನಷ್ಟೇ ಮುಚ್ಚುತ್ತವೆ ಅಂತ ಹೇಳಿ ಮಾರುತ್ತಾರೆ. ನಿಂತಾಗ ಅದು ನಿಜ. ಇದರ ನಿಜವಾದ ಲಾಭ ಬೇರೆ: ಮುಂಡದ ಉದ್ದದ ರಗಳೆಯೇ ಇಲ್ಲ, ಮೇಲೆ ಎಲ್ ಕೆಳಗೆ ಎಕ್ಸ್‌ಎಲ್ ಅಂತ ಬೇರೆ ಬೇರೆ ಸೈಜ್ ತೆಗೆದುಕೊಳ್ಳಬಹುದು, ಬಾತ್‌ರೂಮ್ ಸಲೀಸು.

ಆಧಾರದ ಲೆಕ್ಕ ಹಾಕಿ. ಚಡ್ಡಿಗೆ ಸೊಂಟವಿದೆ. ಟಾಪಿಗೆ ಮೇಲೆ ಭುಜವಿದೆ, ಕೆಳಗೆ ಏನೂ ಇಲ್ಲ. ಕೆಳಗಿನ ಅಂಚು ಸ್ವತಂತ್ರ, ನೀರು ಎತ್ತ ತಳ್ಳಿದರೆ ಅತ್ತ ಹೋಗುತ್ತದೆ. ನೀರು ಎತ್ತ ತಳ್ಳುತ್ತದೆ ಎನ್ನುವುದು ನೀವು ಏನು ಮಾಡುತ್ತಿದ್ದೀರಿ ಎನ್ನುವುದರ ಮೇಲಿದೆ. ಫ್ರೀಸ್ಟೈಲ್‌ನಲ್ಲಿ ತಲೆ ಮುಂದೆ ಮಾಡಿ ಹೋಗುವಾಗ ನೀರು ತಲೆಯಿಂದ ಕಾಲಿನ ಕಡೆ ಹರಿಯುತ್ತದೆ, ಟಾಪನ್ನು ಕೆಳಕ್ಕೇ ಒತ್ತುತ್ತದೆ. ತೊಂದರೆಯಾಗುವುದು ನೆಟ್ಟಗೆ ನಿಂತಾಗ. ಕಂಬಿ ಹಿಡಿದು ಮುಳುಗಿ ಏಳುವಾಗ, ಕಾಲು ಕೆಳಗೆ ಮಾಡಿ ಹಾರುವಾಗ, ಆಳದಲ್ಲಿ ನಿಂತಲ್ಲೇ ಕಾಲು ಬಡಿಯುವಾಗ ನೀರು ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಅತ್ತಿಗೆಯ ಫ್ರಾಕು ತೇಲಿದ್ದೂ ಹೀಗೆಯೇ. ಕಲಿಯುವವರು ಮೊದಲ ಎರಡು ವಾರ ಮಾಡುವುದೆಲ್ಲ ಇದನ್ನೇ ನೋಡಿ. ಹೊಸಬರಿಗೆ ಸಂಕೋಚ ಕಡಿಮೆಯಾಗಲಿ ಅಂತ ಕೊಡಿಸುವ ಉಡುಪು ಹೊಸಬರಿಗೇ ಹೆಚ್ಚು ಕಾಟ ಕೊಡುತ್ತದೆ.

ಆದ್ದರಿಂದ ಟ್ಯಾಂಕಿನಿ ಬೇಕೇಬೇಕು ಅನ್ನುವವರು ಕೆಳಗಿನ ಅಂಚನ್ನು ನೋಡಿ ಆರಿಸಬೇಕು. ಹೊಟ್ಟೆ ಕಾಣದಿರಲಿ ಅಂತ ನೆರಿಗೆ ಬಿಟ್ಟ ಸಡಿಲ ಟಾಪು ದಡದ ಮೇಲಷ್ಟೇ ಹೊಟ್ಟೆ ಮುಚ್ಚುತ್ತದೆ. ಮೈಗೆ ಅಂಟಿ, ಅಂಚಿನಲ್ಲಿ ಇಲಾಸ್ಟಿಕ್ ಇದ್ದು, ಹಿಂಭಾಗದ ಉಬ್ಬಿನ ಮೇಲೆ ಬಂದು ಕೂರುವ ಟಾಪು ನಿಲ್ಲುತ್ತದೆ. ಬದಿಯಲ್ಲಿ ದಾರ ಎಳೆದು ಗಿಡ್ಡ ಮಾಡುವ ಟಾಪುಗಳೂ ಸಿಗುತ್ತವೆ. ಆ ದಾರ ಅಲಂಕಾರಕ್ಕೆ, ತೇಲುವುದನ್ನು ತಡೆಯುವುದಿಲ್ಲ. ಪರೀಕ್ಷೆ ಸುಲಭ: ಎರಡೂ ಕೈ ಮೇಲೆತ್ತಿ, ನಂತರ ಮುಂದಕ್ಕೆ ಬಾಗಿ. ಕೈ ಎತ್ತಿದಾಗಲೂ ಟಾಪು ಚಡ್ಡಿಯ ಮೇಲೆ ನಾಲ್ಕು ಬೆರಳಿನಷ್ಟು ಇಳಿದಿರಬೇಕು. ಬರೀ ತಾಕುವಂತಿದ್ದರೆ ನೀರಿನಲ್ಲಿ ಹೊಟ್ಟೆ ಕಂಡೇ ಕಾಣುತ್ತದೆ.

ಹೈವೇಸ್ಟ್ ಚಡ್ಡಿ

ಇದಕ್ಕೆ ಆಧಾರ ಒಂದೇ, ನಡು. ಹಾಗಾಗಿ ಪ್ರಶ್ನೆಯೂ ಒಂದೇ. ನಿಮ್ಮ ನಡು ಅದರ ಕೆಳಗಿನ ಹೊಟ್ಟೆಗಿಂತ ಸಣ್ಣದಿದೆಯೇ?

ಒಂದು ಬದಿಗೆ ಬಾಗಿದಾಗ ಎಲ್ಲಿ ಮಡಿಕೆ ಬೀಳುತ್ತದೋ ಅದೇ ನಡು, ಸಾಮಾನ್ಯವಾಗಿ ಹೊಕ್ಕುಳಿಗಿಂತ ಎರಡು ಮೂರು ಬೆರಳು ಮೇಲೆ. ಇಲಾಸ್ಟಿಕ್ ಯಾವಾಗಲೂ ಸಣ್ಣ ಸುತ್ತಳತೆಯ ಕಡೆಗೇ ಜಾರುತ್ತದೆ. ಚಡ್ಡಿಯ ಅಂಚು ನಡುವಿನ ಮೇಲೆಯೇ ಕೂತರೆ ಅದಕ್ಕೆ ಜಾರಲು ಬೇರೆ ಜಾಗವಿಲ್ಲ. ಹೈವೇಸ್ಟ್ ಅಂತ ಹೆಸರಿಟ್ಟು ಹೊಕ್ಕುಳ ಮಟ್ಟಕ್ಕೇ ನಿಲ್ಲುವ ಚಡ್ಡಿಗಳು ಸಿಗುತ್ತವೆ. ಅವು ಹೊಟ್ಟೆಯ ಅಗಲವಾದ ಜಾಗದಲ್ಲಿ ಕೂತು, ನೀವು ಕೂತ ಕೂಡಲೇ ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಕೆಳಗೆ ಬರುತ್ತವೆ. ಕೊಳ್ಳುವ ಮೊದಲು ಟೇಪಿನಲ್ಲಿ ತೊಡೆಸಂದಿನಿಂದ ಮುಂಭಾಗದಲ್ಲಿ ನಡುವಿನವರೆಗೆ ಅಳೆದು, ಚಡ್ಡಿಯ ಮುಂಭಾಗದ ಎತ್ತರದ ಜೊತೆ ಹೋಲಿಸಿ. ಅಂಚಿನ ಪಟ್ಟಿ ಎರಡು ಬೆರಳಾದರೂ ಅಗಲವಿರಲಿ. ದಾರದಷ್ಟು ಸಣ್ಣ ಇಲಾಸ್ಟಿಕ್ ಕಚ್ಚುತ್ತದೆ, ಸುತ್ತಿಕೊಳ್ಳುತ್ತದೆ.

ಹೊಟ್ಟೆಯೇ ನಡುವಿಗಿಂತ ಮುಂದಿರುವವರಿಗೆ, ಅಂದರೆ ಲಂಗದ ಲಾಡಿಯೂ ಹೊಟ್ಟೆಯ ಕೆಳಗೇ ಇಳಿಯುವವರಿಗೆ, ಯಾವ ಹೈವೇಸ್ಟೂ ನಿಲ್ಲುವುದಿಲ್ಲ. ಅವರಿಗೆ ಭುಜದಿಂದ ಹಿಡಿದುಕೊಳ್ಳುವ ವನ್‌ಪೀಸೇ ಸರಿ.

ಈ ಚಡ್ಡಿಯನ್ನು ನಿಜಕ್ಕೂ ಮೆಚ್ಚಿದವಳು ಮೂರನೇ ಮಹಡಿಯ ನನ್ನ ಗೆಳತಿ. ಅವಳಿಗೆ ಸಿಸೇರಿಯನ್ ಆಗಿತ್ತು. ಆ ಹೊಲಿಗೆಯ ಗುರುತು ಕಿಬ್ಬೊಟ್ಟೆಯಲ್ಲಿ ತೀರಾ ಕೆಳಗೆ ಅಡ್ಡಕ್ಕೆ ಇರುತ್ತದೆ, ಮಾಮೂಲಿ ಚಡ್ಡಿಯ ಇಲಾಸ್ಟಿಕ್ ನೇರ ಅದರ ಮೇಲೆಯೇ ಬಂದು ಉಜ್ಜುತ್ತದೆ. ಹೈವೇಸ್ಟಿನಲ್ಲಿ ಅಲ್ಲಿ ಬರುವುದು ನಯವಾದ ಬಟ್ಟೆ ಮಾತ್ರ, ಇಲಾಸ್ಟಿಕ್ ಒಂದು ಗೇಣು ಮೇಲಿರುತ್ತದೆ. ಮುಂಭಾಗದಲ್ಲಿ ಬಿಗಿ ಬಲೆಯಂಥ ಪವರ್ ಮೆಶ್ ಪದರ ಹಾಕಿ "ಹೊಟ್ಟೆ ಕರಗಿದ ಹಾಗೆ ಕಾಣುತ್ತೆ" ಅಂತ ಮಾರುವ ಮಾದರಿಯನ್ನು ಮಾತ್ರ ಅವಳು ವಾಪಸ್ ಕೊಟ್ಟಳು. ಉಸಿರು ಎಳೆದುಕೊಳ್ಳುವಾಗ ಹೊಟ್ಟೆ ಉಬ್ಬಲೇಬೇಕು, ಈಜು ಕಲಿಯುವಾಗಲಂತೂ ಉಸಿರಿನದ್ದೇ ಪಾಠ. ಹೊಟ್ಟೆ ಕಟ್ಟಿ ಹಾಕಿಕೊಂಡು ಆ ಪಾಠ ಆಗುವುದಿಲ್ಲ.

ರ‍್ಯಾಶ್‌ಗಾರ್ಡ್

ಸರ್ಫಿಂಗ್ ಮಾಡುವವರ ಮೈಗಂಟುವ ಟಾಪು ಇದು. ಹಲಗೆಯ ಮೇಲೆ ಮಲಗಿ ಕೈ ಬೀಸುವಾಗ ಹಲಗೆಯ ಮೇಣ, ಮರಳು, ಉಪ್ಪು ಸೇರಿ ಎದೆ ಹೊಟ್ಟೆಯನ್ನೆಲ್ಲ ಉಜ್ಜಿ ಕೆಂಪಾಗಿಸುತ್ತವೆ, ಅದನ್ನು ತಡೆಯಲು ಹುಟ್ಟಿದ್ದು. ಹೆಸರೇ ಹೇಳುತ್ತದೆ. ನಮ್ಮಲ್ಲಿ ಇದನ್ನು ಕೊಳ್ಳುವವರು ಮುಚ್ಚಿಕೊಳ್ಳಲು ಮತ್ತು ಬಿಸಿಲಿಗೆ ಕೊಳ್ಳುತ್ತಾರೆ, ಎರಡೂ ಒಳ್ಳೆಯ ಕಾರಣಗಳೇ.

ರ‍್ಯಾಶ್‌ಗಾರ್ಡಿಗೆ ಒಂದು ಜಾಗದ ಆಧಾರವಿಲ್ಲ. ಕುತ್ತಿಗೆಯಿಂದ ಮಣಿಕಟ್ಟಿನವರೆಗೆ ಇಡೀ ಮೈಗೆ ಎರಡನೇ ಚರ್ಮದ ಹಾಗೆ ಅಂಟಿಕೊಂಡೇ ಅದು ನಿಲ್ಲುತ್ತದೆ. ಆದ್ದರಿಂದ "ಸ್ವಲ್ಪ ಸಡಿಲ ಇರ್ಲಿ" ಅಂತ ಒಂದು ಸೈಜ್ ದೊಡ್ಡದು ತಂದರೆ ಅದರ ಆಧಾರವನ್ನೇ ಕಿತ್ತ ಹಾಗೆ. ಕುತ್ತಿಗೆಯಿಂದ ನೀರು ನುಗ್ಗಿ ಬೆನ್ನು ಬಲೂನಾಗುತ್ತದೆ, ಕೈ ಬೀಸುವುದು ಭಾರವಾಗುತ್ತದೆ. ಸಡಿಲ ಟೀ ಶರ್ಟಿನ ಹಾಗಿರುವ ಸ್ವಿಮ್ ಟೀ ಎಂಬುದೂ ಇದೆ. ಅದು ಮಕ್ಕಳ ಜೊತೆ ನೀರಾಟಕ್ಕೆ ಸರಿ, ಈಜಿಗಲ್ಲ.

ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿ. ಎರಡು ಬಟ್ಟೆ ಪಕ್ಕ ಪಕ್ಕ ಇಟ್ಟು ಚಪ್ಪಟೆಯಾಗಿ ಹೊಲಿದಿದ್ದರೆ ಚರ್ಮಕ್ಕೆ ತಾಗುವುದಿಲ್ಲ. ಅಂಗಿಯ ಹಾಗೆ ಒಳಗೆ ಅಂಚು ಎದ್ದಿದ್ದರೆ ಕಂಕುಳಲ್ಲಿ ಅದೇ ಗಾಯ ಮಾಡುತ್ತದೆ. ತೋಳಿನ ಹೊಲಿಗೆ ಭುಜದ ಮೇಲೆ ಬರುವುದಕ್ಕಿಂತ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿದಿದ್ದರೆ ತೋಳು ಸರಾಗವಾಗಿ ಎತ್ತಬಹುದು.

ಮುಂದೆ ಪೂರ್ತಿ ಜಿಪ್ ಇರುವುದೋ, ತಲೆಯಿಂದ ಹಾಕುವುದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಜಿಪ್. ಒದ್ದೆ ರ‍್ಯಾಶ್‌ಗಾರ್ಡನ್ನು ತಲೆಯಿಂದ ತೆಗೆಯುವುದು ಎಷ್ಟು ಕಷ್ಟ ಅಂದರೆ, ನಮ್ಮ ಬ್ಯಾಚಿನ ಆಂಟಿಯೊಬ್ಬರು ಎರಡೂ ಕೈ ಮೇಲಾಗಿ ಸಿಕ್ಕಿಕೊಂಡು ಒಳಗಿಂದ "ಯಾರಾದ್ರೂ ಬನ್ರೇ" ಅಂತ ಕೂಗಿದ್ದರು. ಜಿಪ್ಪಿನ ತುದಿ ಗಲ್ಲಕ್ಕೆ ಚುಚ್ಚದಂತೆ ಮೇಲೆ ಬಟ್ಟೆಯ ಪುಟ್ಟ ಮಡಿಕೆ ಇದೆಯೇ ಅಂತ ಮಾತ್ರ ನೋಡಿಕೊಳ್ಳಿ.

ಇನ್ನೊಂದು ಚಿಕ್ಕ ವಸ್ತು. ಹಲವು ರ‍್ಯಾಶ್‌ಗಾರ್ಡುಗಳ ಮುಂಭಾಗದ ಕೆಳಗಿನ ಅಂಚಿನಲ್ಲಿ, ಒಳಬದಿಗೆ, ಬೆರಳುದ್ದದ ಒಂದು ಕುಣಿಕೆ ಹೊಲಿದಿರುತ್ತಾರೆ. ಯಾಕೆ ಅಂತ ತಿಳಿಯದೆ ಎಷ್ಟೋ ಜನ ಲೇಬಲ್ ಜೊತೆ ಅದನ್ನೂ ಕತ್ತರಿಸುತ್ತಾರೆ. ಚಡ್ಡಿಯ ಲಾಡಿಯನ್ನು ಅದರೊಳಗೆ ತೂರಿಸಿ ಗಂಟು ಹಾಕಬೇಕು. ಆಗ ಮೇಲಿನದು ಕೆಳಗಿನದಕ್ಕೆ ಕಟ್ಟಿಕೊಂಡು, ಎರಡು ತುಂಡಿನ ಉಡುಪು ವನ್‌ಪೀಸಿನ ಹಾಗೆ ವರ್ತಿಸುತ್ತದೆ. ಟ್ಯಾಂಕಿನಿಗೆ ಇಲ್ಲದ ಕೆಳಗಿನ ಆಧಾರ ಇದೇ.

ಬಿಸಿಲಿನ ಲೆಕ್ಕ ಲೇಬಲ್ಲಿನಲ್ಲಿರುತ್ತದೆ. ಯುಪಿಎಫ್ 50 ಅಂದರೆ ನೇರಳಾತೀತ ಕಿರಣದ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ. 2 ಮಾತ್ರ, ಬಟ್ಟೆ ದಾಟುತ್ತದೆ. ಬಟ್ಟೆ ತೀರಾ ಹಿಗ್ಗಿದರೆ ನೇಯ್ಗೆಯ ಕಂಡಿ ದೊಡ್ಡದಾಗಿ ಇದು ಇಳಿಯುತ್ತದೆ, ಆದ್ದರಿಂದ ಸಣ್ಣ ಸೈಜಿಗೆ ತುರುಕಿಕೊಳ್ಳುವುದೂ ತಪ್ಪೇ. ಬಿಳಿ ಕಾಟನ್ ಟೀ ಶರ್ಟ್ ಒದ್ದೆಯಾದ ಮೇಲೆ ಹೆಚ್ಚೇನೂ ತಡೆಯುವುದಿಲ್ಲ. ಬೆಳಿಗ್ಗೆ ಆರೂವರೆಯ ಬ್ಯಾಚಿಗೆ ಇದೆಲ್ಲ ಅಷ್ಟು ಮುಖ್ಯವಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಸ್ನಾರ್ಕೆಲ್ ಮಾಡುವವರಿಗೆ ತುಂಬಾ ಮುಖ್ಯ. ಮುಖ ನೀರಿನಲ್ಲಿ, ಬೆನ್ನು ಆಕಾಶಕ್ಕೆ, ತಣ್ಣಗಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ. ರಾತ್ರಿ ಅಂಗಾತ ಮಲಗಲು ಹೋದಾಗ ಗೊತ್ತಾಗುತ್ತದೆ.

ಇದರ ಮಿತಿ ಎರಡು. ಎದೆಗೆ ಇದರಲ್ಲಿ ಯಾವ ಆಧಾರವೂ ಇಲ್ಲ, ಒಳಗೆ ಈಜಿನ ಕ್ರಾಪ್ ಟಾಪೋ ವನ್‌ಪೀಸೋ ಬೇಕೇ ಬೇಕು. ಮಗಳು ಸ್ಪರ್ಧೆಗೆ ಹೋಗುವವಳಾದರೆ ಅಲ್ಲಿ ಇದು ನಡೆಯುವುದಿಲ್ಲ. ಅಂತಾರಾಷ್ಟ್ರೀಯ ಈಜು ಒಕ್ಕೂಟದ 2010ರಿಂದ ಜಾರಿಯಾದ ನಿಯಮದಂತೆ ಪೂಲ್ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳ ಸೂಟ್ ಕುತ್ತಿಗೆ ಮುಚ್ಚುವಂತಿಲ್ಲ, ಭುಜ ದಾಟುವಂತಿಲ್ಲ, ಮೊಣಕಾಲಿನ ಕೆಳಗೆ ಇಳಿಯುವಂತಿಲ್ಲ.

ಬಟ್ಟೆಯ ಬಗ್ಗೆ ಎರಡು ಮಾತು

ಯಾವ ಮಾದರಿಯಾದರೂ ಕಾಟನ್ ಬೇಡ. ಅತ್ತಿಗೆ "ಒಳಗೆ ಕಾಟನ್ ಲೆಗ್ಗಿಂಗ್ಸ್ ಹಾಕ್ಕೋತೀನಿ" ಅಂದಾಗ ಕೋಚ್ ಒಪ್ಪಲಿಲ್ಲ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆ ಬಿಟ್ಟು ಫಿಲ್ಟರಿಗೆ ಹೋಗುತ್ತದೆ, ಬಣ್ಣವೂ ಬಿಡಬಹುದು. ನೈಲಾನ್ ಜೊತೆ ಲೈಕ್ರಾ ಸೇರಿದ ಬಟ್ಟೆ ಮೆತ್ತಗಿರುತ್ತದೆ, ಚೆನ್ನಾಗಿ ಹಿಗ್ಗುತ್ತದೆ, ಆದರೆ ಕ್ಲೋರಿನ್ ಲೈಕ್ರಾವನ್ನು ತಿನ್ನುತ್ತದೆ. ವಾರಕ್ಕೆ ನಾಲ್ಕು ದಿನ ಹೋಗುವವರಿಗೆ ಲೈಕ್ರಾ ಇಲ್ಲದ, ಪಾಲಿಯೆಸ್ಟರ್ ಮತ್ತು ಅದರದ್ದೇ ಹಿಗ್ಗುವ ಜಾತಿಯಾದ ಪಿಬಿಟಿ ಎಳೆಯ ಬಟ್ಟೆ ಹೆಚ್ಚು ದಿನ ಬಾಳುತ್ತದೆ. ಅದು ಸ್ವಲ್ಪ ಒರಟು, ಹಿಗ್ಗೂ ಕಡಿಮೆ, ಹಾಗಾಗಿ ವನ್‌ಪೀಸಿನ ಮುಂಡದ ಅಳತೆಯಲ್ಲಿ ರಿಯಾಯಿತಿ ಇಲ್ಲ. ತಿಳಿ ಬಣ್ಣ ಕೊಳ್ಳುವಾಗ ಒಳಗೆ ಕೈ ಹಾಕಿ ಬಟ್ಟೆಯನ್ನು ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಒಣಗಿದ್ದಾಗಲೇ ಬೆರಳು ಎಣಿಸಲು ಬಂದರೆ, ಒದ್ದೆಯಾದಾಗ ಹೇಳುವುದೇ ಬೇಡ. ಲೈನಿಂಗ್ ಮುಂದೆ ಮಾತ್ರವೋ ಪೂರ್ತಿಯೋ ಅಂತಲೂ ನೋಡಿ.

ಅತ್ತಿಗೆ ಕೊನೆಗೆ ಏನು ತಗೊಂಡರು

ಅವರಿಗೆ ಬೇಕಾದದ್ದು ಪೂರ್ತಿ ಮುಚ್ಚುವುದು. ಅವರ ಮೈ ಉದ್ದ, ಎಲ್ ವನ್‌ಪೀಸಿನಲ್ಲಿ ಐದು ಸೆಂಟಿಮೀಟರ್ ಸಾಲದು, ಎಕ್ಸ್‌ಎಲ್ ಹಾಕಿ ನೋಡಿದಾಗ ಕತ್ತು ಬಾಯಿ ಬಿಟ್ಟಿತು. ಮೊದಲ ವಾರಗಳಲ್ಲಿ ನೆಟ್ಟಗೆ ನಿಂತಿರುವುದೇ ಹೆಚ್ಚಾದ್ದರಿಂದ ಟ್ಯಾಂಕಿನಿ ಬೇಡ. ಆದರೆ ಹಿಂಭಾಗ 107, ನಡು 84, ಅಂದರೆ ನಡುವಿನ ಆಧಾರ ಗಟ್ಟಿಯಾಗಿದೆ. ಹಾಗಾಗಿ ಎಲ್ ಸೈಜಿನ ಜಿಪ್ ರ‍್ಯಾಶ್‌ಗಾರ್ಡ್, ಒಳಗೆ ಕ್ರಾಪ್ ಟಾಪ್, ಕೆಳಗೆ ಲಾಡಿ ಇರುವ, ಮೊಣಕಾಲುದ್ದದ ಹೈವೇಸ್ಟ್ ಚಡ್ಡಿ. ಕುಣಿಕೆಗೆ ಲಾಡಿ ಹಾಕಿ ಕಟ್ಟಿದೆವು. ಅಂಗಡಿಯ ಟ್ರಯಲ್ ರೂಮಿನಲ್ಲಿ ಕೈ ಎತ್ತಿಸಿ, ಕುಕ್ಕರುಗಾಲಲ್ಲಿ ಕೂರಿಸಿ, ಎದ್ದು ಹತ್ತು ಸಲ ಹಾರಲು ಹೇಳಿದೆ. ಹೊರಗೆ ಸೇಲ್ಸ್ ಹುಡುಗಿ "ಎಲ್ಲಾ ಓಕೆನಾ ಮೇಡಂ" ಅಂತ ಎರಡು ಸಲ ಕೇಳಿದಳು.

ಮೂರು ತುಂಡು ಕೊಂಡದ್ದಕ್ಕೆ ಖರ್ಚು ಜಾಸ್ತಿಯಾಯಿತು, ಒಣಗಿಸುವ ಕೆಲಸವೂ. ಎರಡು ತಿಂಗಳಾದ ಮೇಲೆ ಅಗಲಕ್ಕೆ ಫ್ರೀಸ್ಟೈಲ್ ಹೊಡೆಯುವಂತಾದಾಗ ಅವರೇ "ಈ ತೋಳು ಎಳೆಯುತ್ತೆ ಕಣೇ" ಅಂದರು. ಆಗ ತಂದದ್ದು ಎತ್ತರ ಕತ್ತಿನ, ಪಟ್ಟಿ ಸರಿಸಬಹುದಾದ ಎಲ್ ಲೆಗ್‌ಸೂಟ್. ಪಟ್ಟಿಯನ್ನು ಪೂರ್ತಿ ಬಿಟ್ಟು ಹಾಕುತ್ತಾರೆ. ರ‍್ಯಾಶ್‌ಗಾರ್ಡ್ ಈಗ ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಮಧ್ಯಾಹ್ನ ಇಳಿಯುವಾಗ ಮಾತ್ರ. ಮೊದಲ ಫ್ರಾಕ್ ಸೂಟಿನ ಜೊತೆ ಬಂದ ಚಡ್ಡಿ ಚೆನ್ನಾಗಿತ್ತು, ಅದನ್ನು ಬದಲಿ ಚಡ್ಡಿಯಾಗಿ ಇಟ್ಟುಕೊಂಡಿದ್ದಾರೆ. ಫ್ರಾಕನ್ನು ಒಗೆದು, ಮಡಚಿ, ಬೀರುವಿನಲ್ಲಿಟ್ಟು, ನನಗೆ ತೋರಿಸಬಾರದು ಅಂತ ಮಕ್ಕಳಿಗೆ ಹೇಳಿದ್ದಾರಂತೆ.